138 ಅಲ್ಲ, 92: ಒಂದು ಗಂಟೆಯ ಡಿಜೆಗೆ ಮಾಡಿಕೊಂಡ ಲೆಕ್ಕ

ದಾವಣಗೆರೆಯ ಒಂದು ಕಾಲೇಜಿನ ವಾರ್ಷಿಕೋತ್ಸವ. ಭಾಷಣ, ಬಹುಮಾನ, ಫ್ಯಾಷನ್ ಶೋ ಎಲ್ಲ ಮುಗಿದ ಮೇಲೆ ಡಿಜೆಗೆ ಉಳಿದದ್ದು ರಾತ್ರಿ 8:50ರಿಂದ 9:50, ಸರಿಯಾಗಿ ಒಂದು ಗಂಟೆ. ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕೆಂಬುದು ಕಾನೂನು, ಹತ್ತು ನಿಮಿಷ ಮೊದಲೇ ನಿಲ್ಲಿಸಬೇಕೆಂಬುದು ಪ್ರಾಂಶುಪಾಲರ ಮಾತು. ಹುಡುಗರು ಕೊಟ್ಟ ಪಟ್ಟಿಯಲ್ಲಿ 43 ಹಾಡು ಇದ್ದವು. ಒಂದು ಗಂಟೆಗೆ ಹಿಡಿಸುವುದು ಹೆಚ್ಚೆಂದರೆ ಹದಿನೆಂಟು.

ಆರಿಸುವುದು ಕಷ್ಟವಾಗಲಿಲ್ಲ, ಜೋಡಿಸುವುದೇ ಕಷ್ಟವಾಯಿತು. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಸೇರಿಸುವಾಗ ಎರಡೂ ಒಂದೇ ಓಟದಲ್ಲಿರಬೇಕು, ಇಬ್ಬರು ಗಾಯಕರು ಬೇರೆ ಬೇರೆ ಶ್ರುತಿಯಲ್ಲಿ ಕಿರುಚಿದಂತೆ ಕೇಳಬಾರದು. ಇವೆರಡನ್ನೂ ಈಗ ಸಾಫ್ಟ್‌ವೇರ್ ಹೇಳುತ್ತದೆ. ನಾನು ಬಳಸುವುದು ಪುಕ್ಕಟೆ ಸಿಗುವ `Mixxx`. ಹಾಡುಗಳನ್ನು ಅದಕ್ಕೆ ಹಾಕಿ ಅನಲೈಜ್ ಕೊಟ್ಟರೆ ಒಂದು ಕಾಲಂನಲ್ಲಿ ನಿಮಿಷಕ್ಕೆ ಎಷ್ಟು ಬೀಟ್ ಎಂಬ ಬಿಪಿಎಂ, ಇನ್ನೊಂದರಲ್ಲಿ ಹಾಡು ಯಾವ ಶ್ರುತಿಯಲ್ಲಿದೆ ಎಂಬ ಕೀ ಬರುತ್ತದೆ. ಕೀಯನ್ನು 8A, 9A ಎಂಬ ಚಕ್ರದ ಗುರುತಿನಲ್ಲಿ ಇಟ್ಟುಕೊಂಡರೆ ನೆನಪಿಡುವುದು ಸುಲಭ. ಗಡಿಯಾರದಂತೆ ಹನ್ನೆರಡು ಮನೆ, A ಎಂದರೆ ಮೈನರ್, B ಎಂದರೆ ಮೇಜರ್. ಅದೇ ಮನೆಗೋ ಪಕ್ಕದ ಮನೆಗೋ ಹೋದರೆ ಸ್ವರಗಳು ಹೆಚ್ಚುಕಡಿಮೆ ಅವೇ ಇರುತ್ತವೆ, ದೂರದ ಮನೆಗೆ ಹಾರಿದರೆ ಕಿವಿಗೆ ಹಿಡಿಸುವುದಿಲ್ಲ.

ಹದಿನೆಂಟರಲ್ಲಿ ಹದಿಮೂರು ಹಾಡಿಗೆ ಅದು ಹೇಳಿದ್ದು ಸರಿಯಾಗೇ ಇತ್ತು. ಕಂಪ್ಯೂಟರಿನಲ್ಲೇ ತಾಳ ಹಾಕಿ ಮಾಡಿದ ಈಚಿನ ಸಿನಿಮಾ ಹಾಡುಗಳಲ್ಲಿ ತಪ್ಪಾಗುವುದು ಕಡಿಮೆ. ಅವುಗಳ ಬಗ್ಗೆ ಬರೆಯುವುದಕ್ಕೇನಿಲ್ಲ. ಬರೆಯಬೇಕಾದದ್ದು ಉಳಿದ ಐದರ ಬಗ್ಗೆ: ಮೂರು ತಮಟೆ ಹಾಡು, ಎಂಬತ್ತರ ದಶಕದ ಒಂದು ಹಳೆಯ ಹಾಡು, ಶಿವರಂಜನಿ ರಾಗದ ಒಂದು ಹಾಡು.

ತಮಟೆ ಹಾಡಿನ ವಿಷಯದಲ್ಲಿ ನಾನು ಅದಕ್ಕೂ ಹಿಂದಿನ ವರ್ಷವೇ ಪೆಟ್ಟು ತಿಂದಿದ್ದೆ. ಒಂದು ಮದುವೆ ರಿಸೆಪ್ಷನ್ನು. 136ರ ಒಂದು ಹಾಡು ಓಡುತ್ತಿತ್ತು, ಮುಂದಿನ ತಮಟೆ ಹಾಡಿಗೆ ಪರದೆ 138 ಎನ್ನುತ್ತಿತ್ತು. ಎರಡೇ ಎರಡು ಬೀಟ್ ವ್ಯತ್ಯಾಸ, ಇದಕ್ಕಿಂತ ಸುಲಭ ಇನ್ನೇನು ಎಂದು, ಎರಡರ ಓಟವನ್ನು ತಾನೇ ಹೊಂದಿಸುವ ಸಿಂಕ್ ಒತ್ತಿ ಒಳಗೆ ಬಿಟ್ಟೆ. ಕುಣಿಯುತ್ತಿದ್ದ ಜನ ಒಂದು ಕ್ಷಣ ಹಾಗೇ ನಿಂತರು. ಬಿಳಿ ಪಂಚೆಯ ಹಿರಿಯರೊಬ್ಬರು ಎತ್ತಿದ ಕಾಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಎತ್ತಿಕೊಂಡೇ ನನ್ನ ಕಡೆ ನೋಡಿದರು. ಪರದೆಯ ಮೇಲೆ ಮಾತ್ರ ಬೀಟ್ ಬೀಳುವ ಜಾಗ ತೋರಿಸುವ ಎರಡೂ ಹಾಡಿನ ಗೆರೆಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿದ್ದವು.

ತಪ್ಪು ಹಿಡಿದು ಕೊಟ್ಟವರು ನನ್ನ ಸೋದರಮಾವ. ಕೆ.ಟಿ.ಜೆ. ನಗರದಲ್ಲಿ ಮನೆ, ಹರೆಯವೆಲ್ಲ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸಿದವರು. ಆ ಹಾಡನ್ನು ಮೊಬೈಲಿನಲ್ಲಿ ಹಾಕಿ ಕೇಳಿಸಿದೆ. ಎರಡು ಸಾಲು ಕೇಳಿದರು, ತೊಡೆಯ ಮೇಲೆ ಪೆಟ್ಟು ಹಾಕಿದರು.

"ಇದು ದಾದರಾ ಐತಲ್ಲೋ. ಧಾ ಧಿ ನಾ, ಧಾ ತಿ ನಾ. ನೀ ಇದಕ್ಕ ಕೆಹರವಾ ತಂದು ಕಟ್ಟೀಯಲ್ಲ, ಕಾಲು ಎಲ್ಲಿ ಇಡಬೇಕು ಜನ?"

"ಮಾವ, ಕಂಪ್ಯೂಟರ್ 138 ಅಂತ ಹೇಳ್ತಲ್ಲ?"

"ಅದು ಕುಣಿಯಾಂಗಿಲ್ಲಲ್ಲಪ್ಪ."

ವಿಷಯ ಅಷ್ಟೇ. ದಾದರಾ ಮೂರು ಮೂರಾಗಿ ಎಣಿಸುವ ಆರೆಣಿಕೆಯ ತಾಳ, ಕೆಹರವಾ ನಾಲ್ಕು ನಾಲ್ಕಾಗಿ ಎಣಿಸುವ ತಾಳ. ಆ ಹಾಡಿನಲ್ಲಿ ಸಣ್ಣ ಪೆಟ್ಟುಗಳು ನಿಮಿಷಕ್ಕೆ 276 ಬರುತ್ತವೆ. ಕುಣಿಯುವವರ ಕಾಲು ಮೂರು ಪೆಟ್ಟಿಗೊಮ್ಮೆ ನೆಲಕ್ಕೆ ಬೀಳುತ್ತದೆ, ಅಂದರೆ ನಿಮಿಷಕ್ಕೆ 92. ಸಾಫ್ಟ್‌ವೇರ್ ಎರಡು ಪೆಟ್ಟಿಗೊಂದು ಬೀಟ್ ಎಂದು ಎಣಿಸಿತು, 138 ಬಂತು. ಎರಡರಲ್ಲೂ ಗಣಿತ ತಪ್ಪಿಲ್ಲ. ಟೆಂಪೊ ಹುಡುಕುವ ಪ್ರೋಗ್ರಾಂ ಮೊದಲು ಸದ್ದು ಥಟ್ಟನೆ ಏರುವ ಜಾಗಗಳನ್ನು ಗುರುತು ಮಾಡಿಕೊಳ್ಳುತ್ತದೆ, ಆಮೇಲೆ ಆ ಗುರುತುಗಳು ಎಷ್ಟೆಷ್ಟು ಅಂತರಕ್ಕೆ ಮರುಕಳಿಸುತ್ತವೆ ಎಂದು ನೋಡುತ್ತದೆ. ಆರೆಣಿಕೆಯ ಹಾಡಿನಲ್ಲಿ ಎರಡರ ಅಂತರವೂ ಮರುಕಳಿಸುತ್ತದೆ, ಮೂರರದ್ದೂ ಮರುಕಳಿಸುತ್ತದೆ. ಯಾವುದನ್ನು ಆರಿಸಬೇಕು ಎಂಬಲ್ಲಿ ಪ್ರೋಗ್ರಾಮಿಗೆ ಮೊದಲೇ ಕಲಿಸಿಟ್ಟ ಒಲವು ಕೆಲಸ ಮಾಡುತ್ತದೆ. ಪೈಥಾನಿನ `librosa` ಎಂಬ ಲೈಬ್ರರಿಯಲ್ಲಿ ಈ ಒಲವು ಕಣ್ಣಿಗೇ ಕಾಣುತ್ತದೆ, ಬೇರೆ ಹೇಳದಿದ್ದರೆ ಅದು 120ರ ಹತ್ತಿರದ ಉತ್ತರಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಈ ಸಲ ಅನುಮಾನ ಬಂದ ಹಾಡುಗಳಿಗೆಲ್ಲ ಹೀಗೆ ಎರಡು ಸಲ ಕೇಳಿ ನೋಡಿದೆ:

```python
import librosa
y, sr = librosa.load("tamate1.wav", offset=30, duration=60)
for g in (120, 90):
    print(g, librosa.beat.beat_track(y=y, sr=sr, start_bpm=g)[0])
print(librosa.estimate_tuning(y=y, sr=sr))
```

120ರ ಒಲವು ಕೊಟ್ಟಾಗ 136, 90ರ ಒಲವು ಕೊಟ್ಟಾಗ 92.3 ಬಂತು. ಇದರ ಅಳತೆಪಟ್ಟಿಯ ಮನೆಗಳು ದೊಡ್ಡವು, 138ಕ್ಕೆ ಸರಿಯಾದ ಮನೆಯೇ ಅದರಲ್ಲಿಲ್ಲ, ಹತ್ತಿರದ್ದು 136. ಹಾಗಾಗಿ ಅಂಕಿಯನ್ನು ನಂಬುವುದಕ್ಕಿಂತ ಎರಡು ಉತ್ತರಗಳ ನಡುವಿನ ಸಂಬಂಧ ನೋಡಬೇಕು. ಒಂದು ಇನ್ನೊಂದರ ಒಂದೂವರೆ ಪಟ್ಟಿನ ಹತ್ತಿರ ಇದ್ದರೆ ಅದು ದಾದರಾ ಇರಬಹುದು ಎಂದು ಕಿವಿ ನೆಟ್ಟಗೆ ಮಾಡಬೇಕು. ಕೊನೆಯ ಮಾತು ಮಾತ್ರ ಕಾಲಿನದೇ. ಗಡಿಯಾರ ಮುಂದಿಟ್ಟುಕೊಂಡು 30 ಸೆಕೆಂಡು ಕಾಲು ಕುಣಿಸಿದೆ, 46 ಸಲ ನೆಲಕ್ಕೆ ಬಿತ್ತು. 92 ಖಾತ್ರಿಯಾಯಿತು. ಉಳಿದ ಎರಡು ತಮಟೆ ಹಾಡು ಹೀಗೇ ಎಣಿಸಿದಾಗ 94, 96.

`Mixxx`ನಲ್ಲಿ ಇದನ್ನು ತಿದ್ದುವುದು ಸಲೀಸು. ಹಾಡಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬಿಪಿಎಂ ಮೆನುವಿನಲ್ಲಿ ಅರ್ಧ, ದುಪ್ಪಟ್ಟಿನ ಜೊತೆಗೆ 2/3 ಎಂಬ ಆಯ್ಕೆಯೂ ಇದೆ. 138ರ 2/3 ಎಂದರೆ 92. ಆದರೆ ಇಲ್ಲೇ ಇನ್ನೊಂದು ಹಳ್ಳ ಇದೆ, ನಾನೂ ಒಮ್ಮೆ ಅದರಲ್ಲಿ ಬಿದ್ದೆ. ಹಳೆಯ ಗೆರೆಗಳು ಎರಡು ಪೆಟ್ಟಿಗೊಂದರಂತೆ ಬಿದ್ದಿರುತ್ತವೆ, ಅದರಲ್ಲಿ ಮೂರಕ್ಕೊಂದು ಮಾತ್ರ ನಿಜವಾದ ಸಮದ, ಅಂದರೆ ತಾಳದ ಮೊದಲ ಪೆಟ್ಟಿನ ಮೇಲೆ ಕೂತಿರುತ್ತದೆ. ಲೆಕ್ಕ ಬೇರೊಂದು ಗೆರೆಯಿಂದ ಶುರುವಾದರೆ ಬಿಪಿಎಂ 92 ಎಂದು ಸರಿಯಾಗೇ ಕಾಣುತ್ತದೆ, ಗೆರೆಗಳು ಮಾತ್ರ ಸಣ್ಣ ಪೆಟ್ಟಿನ ಮೇಲೆ ಬಿದ್ದು ಇಡೀ ಹಾಡು ಒಂದು ಹೆಜ್ಜೆ ಆಚೆ ಓಡುತ್ತದೆ. ಹಾಗಾಗಿ 2/3 ಮಾಡಿದ ಮೇಲೆ ತಮಟೆಯ ದಪ್ಪ ಪೆಟ್ಟಿನ ಮೇಲೆ ಹಾಡನ್ನು ನಿಲ್ಲಿಸಿ, ಗೆರೆಗಳ ಗ್ರಿಡ್ಡನ್ನು ಈಗಿರುವ ಜಾಗಕ್ಕೆ ತರುವ ಗುಂಡಿ ಒತ್ತಬೇಕು. ಆಮೇಲೆ ಹಾಡಿನ ಕೊನೆಯ ನಿಮಿಷಕ್ಕೆ ಹಾರಿ ಅಲ್ಲೂ ಗೆರೆ ಪೆಟ್ಟಿನ ಮೇಲೇ ಇದೆಯೇ ನೋಡಬೇಕು.

92 ಎಂದು ಗೊತ್ತಾದ ತಕ್ಷಣ ಇಡೀ ಪಟ್ಟಿಯೇ ಬದಲಾಯಿತು. 128ರ ಹಾಡುಗಳ ನಡುವೆ ಈ ಮೂರನ್ನು ಚದುರಿಸಿ ಇಡಲು ಹೊರಟಿದ್ದೆ. ಈಗ ಮೂರನ್ನೂ ಒಂದೇ ಕಡೆ ಗುಂಪು ಮಾಡಿದೆ, ಅದೂ ಎಲ್ಲಕ್ಕಿಂತ ಕೊನೆಗೆ. ಕೊನೆಗಿಟ್ಟರೆ ತಮಟೆಯಿಂದ ವಾಪಸ್ ನಾಲ್ಕೆಣಿಕೆಗೆ ಬರುವ ಕಷ್ಟವೇ ಇರುವುದಿಲ್ಲ. ದಾವಣಗೆರೆಯಲ್ಲಿ ತಮಟೆ ಆದ ಮೇಲೆ ಬೇರೆ ಹಾಡು ಹಾಕಿದರೂ ಯಾರು ಕೇಳುತ್ತಾರೆ ಎಂಬುದು ಬೇರೆ ಮಾತು. ಒಳಗೆ ಹೋಗುವಾಗ ಬೆಸೆಯುವ ಹಟವನ್ನೂ ಬಿಟ್ಟೆ: 128ರ ಹಾಡು ಮುಗಿಸಿ, ಅದರ ಕೊನೆಯ ಪೆಟ್ಟಿಗೆ ಪ್ರತಿಧ್ವನಿ ಕೊಟ್ಟು, ಎರಡು ಉಸಿರಿನಷ್ಟು ಖಾಲಿ ಬಿಟ್ಟು, ಬರೀ ತಮಟೆಯಿಂದ ಶುರು ಮಾಡುವುದೆಂದು ತೀರ್ಮಾನಿಸಿದೆ.

ಇನ್ನೊಂದು: ಮೂರು ತಮಟೆ ಹಾಡಿಗೂ ಸಾಫ್ಟ್‌ವೇರ್ ಒಂದೊಂದು ಕೀ ಕೊಟ್ಟಿತ್ತು. ಮೊದಲ ಒಂದು ನಿಮಿಷ ಬರೀ ಚರ್ಮದ ಸದ್ದು, ಅದರಲ್ಲಿ ಎಲ್ಲಿಯ ಕೀ? ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಅದಕ್ಕಿಲ್ಲ, ಏನೋ ಒಂದು ಮನೆ ತೋರಿಸಿಬಿಡುತ್ತದೆ. ಆ ಕಾಲಂ ಅಳಿಸಿದೆ.

ಹಳೆಯ ಹಾಡಿನ ಕಥೆ ಇದಕ್ಕಿಂತ ಸೊಗಸು. ಹುಡುಗರ ಪಟ್ಟಿಯಲ್ಲಿ ಅದೊಂದೇ ಎಂಬತ್ತರ ದಶಕದ್ದು. ಯಾರೋ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ ಕಡತ, ನಡುವೆ ಟೇಪಿನ ಸುಯ್ಯೆನ್ನುವ ಸದ್ದು ಕೂಡ ಇದೆ. `Mixxx` ಅದಕ್ಕೆ 8A ಎಂದಿತು. ಅನುಮಾನಕ್ಕೆ ಗೆಳೆಯನ ಲ್ಯಾಪ್‌ಟಾಪಿನಲ್ಲಿದ್ದ ಬೇರೊಂದು ಪ್ರೋಗ್ರಾಮಿಗೆ ಹಾಕಿದರೆ 1A ಎಂದಿತು. ಚಕ್ರದಲ್ಲಿ ಎಂಟನೇ ಮನೆ ಎಲ್ಲಿ, ಒಂದನೇ ಮನೆ ಎಲ್ಲಿ? ಎರಡರಲ್ಲಿ ಒಂದಕ್ಕೆ ಪೂರ್ತಿ ಕಿವುಡು ಎಂದುಕೊಂಡೆ. ಆದರೆ ಹಾರ್ಮೋನಿಯಂ ಮುಂದೆ ಕೂತರೆ ಅವೆರಡೂ ಅಕ್ಕಪಕ್ಕದ ಮನೆಗಳೇ. 8A ಎಂದರೆ ಎ ಮೈನರ್, ಷಡ್ಜ ಆರನೇ ಬಿಳಿ ಮನೆ, ಅಂದರೆ ಬಿಳಿ ಆರು. 1A ಎಂದರೆ ಅದಕ್ಕಿಂತ ಅರ್ಧ ಸ್ವರ ಕೆಳಗೆ, ಕಪ್ಪು ನಾಲ್ಕು. ಚಕ್ರದಲ್ಲಿ ದೂರ ಕಂಡದ್ದು ಮಣೆಯ ಮೇಲೆ ಒಂದು ಬೆರಳಿನ ಅಂತರ.

ಮಾವ ತಿದಿ ಎಳೆದು ಬಿಳಿ ಆರು ಒತ್ತಿ ಹಿಡಿದರು. ಹಾಡಿನ ಷಡ್ಜ ಅದಕ್ಕೆ ಮುಟ್ಟಲಿಲ್ಲ. ಕಪ್ಪು ನಾಲ್ಕು ಒತ್ತಿದರು, ಹಾಡು ಅದಕ್ಕಿಂತ ಮೇಲೆ. ಎರಡರ ಸಂದಿಯಲ್ಲಿ ಎಲ್ಲೋ ಇತ್ತು. ಮೇಲಿನ ಕೋಡಿನ ಕೊನೆಯ ಸಾಲು ಹೇಳುವುದು ಇದನ್ನೇ: ಹಾಡು ಮಣೆಯ ಸ್ವರಕ್ಕಿಂತ ಎಷ್ಟು ಸರಿದಿದೆ ಎಂಬುದನ್ನು ಅರ್ಧ ಸ್ವರದ ಭಾಗವಾಗಿ ತೋರಿಸುತ್ತದೆ. ಈ ಹಾಡಿಗೆ ಬಂದದ್ದು −0.45. ಬಿಳಿ ಆರಕ್ಕಿಂತ ಮುಕ್ಕಾಲು ಪಾಲಲ್ಲ, ಕಾಲು ಪಾಲೂ ಅಲ್ಲ, ಹೆಚ್ಚುಕಡಿಮೆ ನಟ್ಟನಡುವೆ. ಕೀ ಹುಡುಕುವ ಪ್ರೋಗ್ರಾಮಿಗೆ ಇಂಥದ್ದು ಬಂದರೆ ಯಾವುದಾದರೊಂದು ಬದಿಗೆ ಉರುಳುವುದು ಬಿಟ್ಟು ಬೇರೆ ದಾರಿಯಿಲ್ಲ. ಒಂದು ಇತ್ತ ಉರುಳಿತು, ಇನ್ನೊಂದು ಅತ್ತ.

ಕಾರಣ ಕ್ಯಾಸೆಟ್ಟು. ಇಳಿಸುವಾಗ ಡೆಕ್ಕು ತುಸು ನಿಧಾನ ಓಡಿದರೆ ಶ್ರುತಿಯೂ ಇಳಿಯುತ್ತದೆ, ಓಟವೂ ಇಳಿಯುತ್ತದೆ. ಅರ್ಧ ಸ್ವರ ಎಂದರೆ ವೇಗದಲ್ಲಿ ಸುಮಾರು ಶೇ 6. ಅದರ 0.45 ಭಾಗ ಏರಿಸಬೇಕಾದರೆ ಶೇ 2.6 ಜೋರು ಮಾಡಬೇಕು. ಸಾಮಾನ್ಯವಾಗಿ ಡಿಜೆ ವೇಗ ಬದಲಿಸುವಾಗ ಕೀ ಲಾಕ್ ಹಾಕಿಕೊಂಡಿರುತ್ತೇವೆ, ಓಟ ಬದಲಾದರೂ ಶ್ರುತಿ ಅಲ್ಲೇ ನಿಲ್ಲಲಿ ಎಂದು. ಈ ಹಾಡಿಗೆ ಅದನ್ನು ತೆಗೆದೆ. ಟೆಂಪೊ ಕಡ್ಡಿಯನ್ನು +2.6ಕ್ಕೆ ಒಯ್ದಾಗ ಮಾವ ಒತ್ತಿ ಹಿಡಿದಿದ್ದ ಬಿಳಿ ಆರರೊಳಗೆ ಹಾಡು ಬಂದು ಕೂತಿತು. ಹಾರ್ಮೋನಿಯಂ ಸದ್ದು ಯಾವುದು, ಹಾಡಿನ ಸದ್ದು ಯಾವುದು ಎಂದು ತಿಳಿಯದ ಹಾಗೆ. ಹೀಗೆ ಸರಿಪಡಿಸಿದ ಮೇಲೆ ಮಾತ್ರ 8A ಎಂದು ಬರೆದುಕೊಂಡೆ.

ಓಟದ ಲೆಕ್ಕ ಇನ್ನೂ ಬಾಕಿ ಇತ್ತು. ಪರದೆ 121 ಎನ್ನುತ್ತಿತ್ತು, ಆದರೆ ಶುರುವಿನಲ್ಲಿ ಗೆರೆ ಪೆಟ್ಟಿಗಿಂತ ಮುಂದೆ ಓಡುತ್ತಿತ್ತು, ಕೊನೆಯಲ್ಲಿ ಹಿಂದೆ ಬೀಳುತ್ತಿತ್ತು. ಡೋಲಕ್, ಡ್ರಮ್ಮು ಎಲ್ಲ ಕೈಯಲ್ಲಿ ಬಾರಿಸಿದ ಕಾಲದ ಹಾಡು. ವಾದ್ಯದವರು ಹುರುಪಿಗೆ ಬಂದಂತೆ ಓಟ ಏರಿದೆ. ಅಲ್ಲಲ್ಲಿ ಎಣಿಸಿದರೆ ಪಲ್ಲವಿಯಲ್ಲಿ 118, ಕೊನೆಯ ಚರಣದಲ್ಲಿ 123. ಸಾಫ್ಟ್‌ವೇರಿನ 121 ಇವುಗಳ ನಡುವಿನ ಒಂದು ಅಂಕಿ, ಆರಂಭಕ್ಕೂ ಸಲ್ಲದು, ಅಂತ್ಯಕ್ಕೂ ಸಲ್ಲದು. `Mixxx`ನ ಬೀಟ್ ಹುಡುಕುವ ಸೆಟ್ಟಿಂಗಿನಲ್ಲಿ ಟೆಂಪೊ ಒಂದೇ ಇದೆ ಎಂದು ಭಾವಿಸುವ ಆಯ್ಕೆ ಇರುತ್ತದೆ. ಹೊಸ ಹಾಡುಗಳಿಗೆ ಅದು ಬೇಕೇ ಬೇಕು, ಇಂಥದ್ದಕ್ಕೆ ತೆಗೆದು ಮತ್ತೆ ಅನಲೈಜ್ ಮಾಡಿಸಬೇಕು. ಮಾಡಿಸಿದೆ. ಗೆರೆಗಳು ಪೆಟ್ಟಿನ ಬೆನ್ನು ಹತ್ತಿದವು, ಒಂದು ಕಡೆ ತಬಲದ ಮುಕ್ತಾಯದಲ್ಲಿ ಮಾತ್ರ ತಪ್ಪಿದವು.

ಶೇ 2.6 ಏರಿಸಿದ ಮೇಲೆ ಆ 118 ಎಂಬುದು 121 ಆಗುತ್ತದೆ, 123 ಎಂಬುದು 126. ಅಂದರೆ 120ರ ಹಾಡಿನಿಂದ ಇದರೊಳಗೆ ಹೋಗಿ, ಹೊರಬರುವಾಗ 126ರಲ್ಲಿ ಇರಬಹುದು. 120ರಿಂದ 128ಕ್ಕೆ ಜನರಿಗೆ ತಿಳಿಯದಂತೆ ಏರಿಸುವ ಕೆಲಸವನ್ನು ನಲವತ್ತು ವರ್ಷದ ಹಿಂದಿನ ವಾದ್ಯದವರೇ ಮಾಡಿಕೊಟ್ಟಂತಾಯಿತು. ಗ್ರಿಡ್ಡಿಗೆ ಹಿಂಡಿ ಇಡೀ ಹಾಡನ್ನು ಒಂದೇ ಓಟಕ್ಕೆ ತರಬಹುದಿತ್ತು, ಹಾಗೆ ಮಾಡುವವರೂ ಇದ್ದಾರೆ. ನನಗೆ ಅದು ಆ ಹಾಡಿನ ಉಸಿರು ಹಿಡಿದಂತೆ ಕೇಳುತ್ತದೆ.

ಶಿವರಂಜನಿಯ ಮಾತು ಸಣ್ಣದು. ಕಾರ್ಯಕ್ರಮದ ಎರಡನೇ ಹಾಡು, 100ರ ಓಟ, ಷಡ್ಜ ಬಿಳಿ ಒಂದು. ಸಾಫ್ಟ್‌ವೇರ್ 5A, ಅಂದರೆ ಸಿ ಮೈನರ್ ಎಂದಿತು. ಕೀ ಹುಡುಕುವುದೆಂದರೆ ಹಾಡಿನಲ್ಲಿ ಹನ್ನೆರಡು ಸ್ವರಗಳಲ್ಲಿ ಯಾವುದು ಎಷ್ಟು ಕೇಳಿತು ಎಂದು ಕೂಡಿಟ್ಟು, ಹನ್ನೆರಡು ಮೇಜರ್ ಹನ್ನೆರಡು ಮೈನರ್ ಅಚ್ಚುಗಳಲ್ಲಿ ಯಾವುದಕ್ಕೆ ಹೆಚ್ಚು ಹೊಂದುತ್ತದೆ ಎಂದು ನೋಡುವುದು. ಇರುವುದು 24 ಅಚ್ಚು, ಅದರಲ್ಲಿ ಶಿವರಂಜನಿ ಇಲ್ಲ. ಗಾಂಧಾರ ಕೋಮಲ ಇರುವುದರಿಂದ ಮೈನರ್ ಎಂದು ತೋರಿತು. ಆದರೆ ಈ ರಾಗದ ಧೈವತ ಶುದ್ಧ, ಬಿಳಿ ಆರು. ಸಿ ಮೈನರಿನ ಧೈವತ ಕೋಮಲ, ಕಪ್ಪು ನಾಲ್ಕು.

ಚಕ್ರದ ನಿಯಮದಂತೆ 5Aಯಿಂದ 4Aಗೂ ಹೋಗಬಹುದು, 6Aಗೂ ಹೋಗಬಹುದು. ನಾನು ಮೊದಲು 4Aಯ ಒಂದು ಹಾಡು ಜೋಡಿಸಿದ್ದೆ. ಹೆಡ್‌ಫೋನಿನಲ್ಲಿ ಎರಡನ್ನೂ ಒಟ್ಟಿಗೆ ಬಿಟ್ಟಾಗ ಹಲ್ಲಿಗೆ ಮರಳು ಸಿಕ್ಕಂತಾಯಿತು. 4A, ಅಂದರೆ ಎಫ್ ಮೈನರಿನಲ್ಲಿ ಕಪ್ಪು ನಾಲ್ಕೂ ಇದೆ, ಕಪ್ಪು ಒಂದೂ ಇದೆ. ರಾಗದ ಧೈವತಕ್ಕೂ ರಿಷಭಕ್ಕೂ ಎರಡು ಕಡೆಯಿಂದ ತಿಕ್ಕಾಟ. 6A, ಅಂದರೆ ಜಿ ಮೈನರಿನಲ್ಲಿ ಶಿವರಂಜನಿಯ ಐದೂ ಸ್ವರ ಇದ್ದಂತೆ ಇವೆ. ಹಾಡು ಬದಲಿಸಿದೆ, ತಿಕ್ಕಾಟ ಹೋಯಿತು. ಪರದೆಯ ಪ್ರಕಾರ ಎರಡೂ ಬದಿ ಸಮ, ಕಿವಿಯ ಪ್ರಕಾರ ಒಂದೇ ಬಾಗಿಲು ತೆರೆದಿತ್ತು.

ಇಷ್ಟೆಲ್ಲ ತಲೆ ಕೆಡಿಸಿಕೊಂಡರೂ ಕೀ ಬೇಕಾಗುವುದು ಎರಡು ಹಾಡುಗಳು ಒಟ್ಟಿಗೆ ಕೇಳುವ ಹೊತ್ತಿಗೆ ಮಾತ್ರ. 124ರ ಓಟದಲ್ಲಿ 32 ಬೀಟ್ ಎಂದರೆ ಹದಿನೈದು ಸೆಕೆಂಡು ಚಿಲ್ಲರೆ. ಅಷ್ಟರಲ್ಲಿ ಒಂದು ಕಡೆ ಬರೀ ಡ್ರಮ್ಮು ಇದ್ದರೆ 8Aಗೆ 1A ಹಾಕಿದರೂ ಯಾರಿಗೂ ತಿಳಿಯುವುದಿಲ್ಲ. ಹದಿನೆಂಟು ಹಾಡಿಗೆ ಹದಿನೇಳು ಬೆಸುಗೆ, ಅದರಲ್ಲಿ ರಾಗಕ್ಕೆ ರಾಗ ತಾಗುವುದು ನನ್ನ ಪಟ್ಟಿಯಲ್ಲಿ ಆರು ಕಡೆ ಇತ್ತು. ಆ ಆರನ್ನೇ ಕೂತು ಕೇಳಿದ್ದು, ಉಳಿದವಕ್ಕೆ ಓಟ ನೋಡಿ ಬಿಟ್ಟೆ.

ಕಾರ್ಯಕ್ರಮದ ರಾತ್ರಿ ಹಳೆಯ ಹಾಡು ಅಂದುಕೊಂಡಂತೆ ಏರಿತು. ಹೊರಬರುವಾಗ ತಬಲದ ಆ ಮುಕ್ತಾಯದಲ್ಲಿ ಗೆರೆ ತಪ್ಪುತ್ತದೆಂದು ಗೊತ್ತಿತ್ತಲ್ಲ, ಸಿಂಕ್ ತೆಗೆದು ಎಂಟು ಬೀಟ್ ಹೊತ್ತು ಡಿಜೆ ಯಂತ್ರದ ಚಕ್ರವನ್ನು ಬೆರಳಲ್ಲಿ ತಳ್ಳುತ್ತ ಹಿಡಿದುಕೊಂಡೆ. ಒಂದು ಕಡೆ ಕುದುರೆ ಓಡಿದಂತೆ ಡ್ರಮ್ಮಿನ ಎರಡು ಕಿಕ್ ಕೇಳಿದವು. ಹಿಂದೆ ನಿಂತಿದ್ದ ನಮ್ಮ ಹುಡುಗ ಮುಖ ಕಿವುಚಿದ, ಕುಣಿಯುವವರು ಕಿವುಚಲಿಲ್ಲ.

9:36ಕ್ಕೆ ತಮಟೆ ಶುರು. ಬಿಪಿಎಂ 128ರಿಂದ 92ಕ್ಕೆ ಇಳಿದಿತ್ತು, ಮೈದಾನದ ಧೂಳು ಮಾತ್ರ ಮೇಲೆದ್ದಿತು. ಎರಡನೇ ತಮಟೆ ಹಾಡಿನ ನಡುವೆ ಸಂಘಟಕ ಹುಡುಗಿಯೊಬ್ಬಳು ಪೆನ್ ಡ್ರೈವ್ ಹಿಡಿದು ಓಡಿ ಬಂದಳು.

"ಅಣ್ಣಾ, ಪ್ಲೀಸ್, ಇದೊಂದು ಹಾಕ್ರಿ. ಫೈನಲ್ ಇಯರ್‌ನೋರ್ದು."

ಪಟ್ಟಿಯಲ್ಲಿಲ್ಲದ ಹಾಡು. ಹಾಕಿದ ಕೂಡಲೇ ಪರದೆ 184 ಎಂದಿತು. 184ರ ಅರ್ಧ 92. ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕಾಲು ಹಾಕಿದೆ, ಅರ್ಧವೇ ಸರಿ, ಆದರೆ ಇದು ಕೆಹರವಾ. ಕಾಲಿಗೆ ಕಾಲು ಕೂಡುತ್ತದೆ, ಒಳಗಿನ ಸಣ್ಣ ಪೆಟ್ಟುಗಳು ಒಂದರಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು. ಓಡುತ್ತಿದ್ದ ತಮಟೆಯನ್ನು 94ರಿಂದ 92ಕ್ಕೆ ಇಳಿಸಿ, ಅದರ ಎತ್ತರದ ಸದ್ದನ್ನೆಲ್ಲ ಈಕ್ವಲೈಜರಿನಲ್ಲಿ ಕತ್ತರಿಸಿ, ದಪ್ಪ ಪೆಟ್ಟು ಮಾತ್ರ ಉಳಿಸಿಕೊಂಡು ಬೆಸೆದೆ. ಎಂಟು ಬೀಟ್ ಸಾಕೆಂದು ತಮಟೆ ನಿಲ್ಲಿಸಿದೆ. ಫೈನಲ್ ಇಯರ್‌ನವರು ಅತ್ತರು, ಅಪ್ಪಿಕೊಂಡರು, ಮೂರನೇ ತಮಟೆ ಹಾಡಿಗೆ ಉಳಿದದ್ದು ನಾಲ್ಕು ನಿಮಿಷ.

ಮಾರನೆಯ ದಿನ ಮೂರೂ ತಮಟೆ ಹಾಡಿನ ಕಾಮೆಂಟ್ ಕಾಲಂನಲ್ಲಿ "ದಾದರಾ, ಕೀ ಇಲ್ಲ" ಎಂದು, ಹಳೆಯ ಹಾಡಿಗೆ "+2.6, ಲಾಕ್ ತೆಗಿ, 121ರಿಂದ 126" ಎಂದು ಬರೆದಿಟ್ಟೆ. ಪೆನ್ ಡ್ರೈವಿನ ಹಾಡು ನನ್ನ ಲೈಬ್ರರಿಯಲ್ಲಿ ಇನ್ನೂ 184 ಎಂದೇ ಕೂತಿದೆ. ಅದು ಅರ್ಧ ಬೀಟ್ ಎತ್ತಿಕೊಂಡು ಶುರುವಾಗುತ್ತದೆ, ಸಮ ಎಲ್ಲಿ ಬೀಳುತ್ತದೆಂದು ಮಾವನ ಮುಂದೆ ಒಮ್ಮೆ ಹಾಕಿ ಕೇಳಬೇಕು.